ಶಾಫ್ಟಿನ ನಡುವಿನ ಕಬ್ಬಿಣ ಸುಮ್ನೆ ಇರುತ್ತದಾ? J ಲೆಕ್ಕ ಏನು ಹೇಳುತ್ತದೆ

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ. ಸೋಮವಾರಪೇಟೆ ಹತ್ತಿರ ನಮ್ಮ ಕಾಫಿ ತೋಟ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಶಾಫ್ಟ್ ಬೇರಿಂಗ್ ಕೂರುವ ಜಾಗದಲ್ಲಿ ಸವೆದಿದೆ. ಅದು 40 ಮಿ.ಮೀ. ಗಟ್ಟಿ ರಾಡು, ಉದ್ದ 900 ಮಿ.ಮೀ. ಮೋಟರ್ 5 ಎಚ್‌ಪಿ, ಶಾಫ್ಟ್ ನಿಮಿಷಕ್ಕೆ 150 ಸುತ್ತು ತಿರುಗುತ್ತದೆ. ವರ್ಕ್‌ಶಾಪಿನವರು “ನಡುವಿನ ಕಬ್ಬಿಣ ಏನೂ ಕೆಲಸ ಮಾಡಲ್ಲ, 40ರ ಪೈಪೇ ಹಾಕೋಣ, ಗೋಡೆ ದಪ್ಪ 4 ಇದ್ರೆ ಸಾಕು” ಅಂತಾರೆ. ಅಪ್ಪ ಒಪ್ಪುತ್ತಿಲ್ಲ. ನಾನು ಲೆಕ್ಕ ಹಾಕಿದೆ. 40ರಲ್ಲಿ ಒಳ ವ್ಯಾಸ 32 ಕಳೆದರೆ 8, ತಿರುಚುವಿಕೆಗೆ ಎದುರು ನಿಲ್ಲುವ ಅಳತೆ J = π×8⁴/32 = 402 ಬಂತು. ಸ್ಟ್ರೆಸ್ 11,800 ಮೆಗಾಪ್ಯಾಸ್ಕಲ್! ಎಲ್ಲಿ ತಪ್ಪಿದೆ? ಇನ್ನೊಂದು ಸಂಶಯ. ವೃತ್ತದ ವಿಸ್ತೀರ್ಣ πR². ಅದನ್ನು R²ರಿಂದ ಗುಣಿಸಿದರೆ πR⁴ ಆಗಬೇಕು. ಪುಸ್ತಕದಲ್ಲಿ πR⁴/2 ಇದೆ. ಆ ಅರ್ಧ ಎಲ್ಲಿಂದ ಬಂತು?

ಉತ್ತರ: ಕೊನೆಯ ಸಂಶಯದಿಂದಲೇ ಶುರು ಮಾಡೋಣ. ಆ ಅರ್ಧ ಎಲ್ಲಿಂದ ಬಂತು ಅಂತ ಗೊತ್ತಾದರೆ, 402 ಯಾಕೆ ತಪ್ಪು ಅನ್ನೋದೂ, ವರ್ಕ್‌ಶಾಪಿನವರ ಮಾತು ಎಷ್ಟು ಸರಿ ಅನ್ನೋದೂ ಅದರ ಹಿಂದೆಯೇ ಬರುತ್ತವೆ.

ಮೊದಲು r ಯಾಕೆ ಎರಡು ಸಲ ಬರುತ್ತದೆ ನೋಡಿ. ಕಾಲೇಜಿನಲ್ಲಿ ∫r²dA ಅಂತ ಬರೆಸಿ ಮುಂದೆ ಹೋಗಿಬಿಡುತ್ತಾರೆ. ಆ ವರ್ಗ ಯಾಕೆ ಅಂತ ಹೇಳುವವರು ಕಡಿಮೆ.

ದುಂಡು ಶಾಫ್ಟನ್ನು ತಿರುಚಿದಾಗ ಅದರ ಒಂದೊಂದು ಅಡ್ಡಕೊಯ್ತವೂ ತನ್ನ ಆಕಾರ ಬದಲಿಸದೆ ಇಡಿಯಾಗಿ ಸ್ವಲ್ಪ ತಿರುಗುತ್ತದೆ. ಕೇಂದ್ರದಿಂದ ಅಂಚಿಗೆ ಒಂದು ಗೆರೆ ಎಳೆದಿದ್ದರೆ, ತಿರುಚಿದ ಮೇಲೂ ಅದು ನೇರವಾಗೇ ಇರುತ್ತದೆ. ಆ ಗೆರೆಯ ಮೇಲೆ ಅಂಚಿನ ಚುಕ್ಕಿ ಹೆಚ್ಚು ದೂರ ಸರಿಯುತ್ತದೆ. ಅರ್ಧ ದಾರಿಯಲ್ಲಿರುವ ಚುಕ್ಕಿ ಅರ್ಧ ಸರಿಯುತ್ತದೆ. ಕೇಂದ್ರ ಸರಿಯುವುದೇ ಇಲ್ಲ. ಉಕ್ಕು ಎಷ್ಟು ಎಳೆಯಲ್ಪಡುತ್ತದೋ ಅಷ್ಟೇ ಎದುರು ನಿಲ್ಲುತ್ತದೆ. ಹಾಗಾಗಿ ಶಿಯರ್ ಸ್ಟ್ರೆಸ್ ಕೇಂದ್ರದಿಂದ ಇರುವ ದೂರಕ್ಕೆ ತಕ್ಕಂತೆ ಏರುತ್ತದೆ. ಇದು ಮೊದಲನೇ r.

ಈಗ r ದೂರದಲ್ಲಿರುವ ಒಂದು ಸಣ್ಣ ಚೂರು ತೆಗೆದುಕೊಳ್ಳಿ. ಅದರ ಮೇಲಿನ ಬಲ ಅಂದರೆ ಸ್ಟ್ರೆಸ್ ಗುಣಿಸು ವಿಸ್ತೀರ್ಣ. ಆದರೆ ನಮಗೆ ಬೇಕಿರೋದು ಬಲ ಅಲ್ಲ, ಟಾರ್ಕ್. ಬಲವನ್ನು ಕೇಂದ್ರದಿಂದ ಇರುವ ದೂರದಿಂದ ಮತ್ತೆ ಗುಣಿಸಬೇಕು. ಇದು ಎರಡನೇ r. ಒಂದು r ಉಕ್ಕಿನ ಎಳೆತದಿಂದ ಬಂತು, ಇನ್ನೊಂದು ಸನ್ನೆಯ ಉದ್ದದಿಂದ. ಎರಡೂ ಸೇರಿ r². ಅಂಥ ಎಲ್ಲ ಚೂರುಗಳನ್ನೂ ಕೂಡಿಸಿದರೆ ಸಿಗುವುದೇ J, ಪೋಲಾರ್ ಸೆಕೆಂಡ್ ಮೊಮೆಂಟ್ ಆಫ್ ಏರಿಯಾ.

ನೀವು ಇಡೀ πR² ವಿಸ್ತೀರ್ಣವನ್ನು R²ರಿಂದ ಗುಣಿಸಿದಿರಿ. ಅಂದರೆ ಶಾಫ್ಟಿನ ಕಬ್ಬಿಣವೆಲ್ಲ ಅಂಚಿನಲ್ಲೇ ಕೂತಿದೆ ಅಂದುಕೊಂಡಿರಿ. ಹಾಗಿಲ್ಲವಲ್ಲ. ಅರ್ಧ ದಾರಿಯಲ್ಲಿರುವ ಚೂರು ಅಂಚಿನ ಚೂರಿನ ಕಾಲು ಭಾಗವಷ್ಟೇ ಕೊಡುತ್ತದೆ. ಕೇಂದ್ರದ ಹತ್ತಿರದ್ದು ಲೆಕ್ಕಕ್ಕೇ ಇಲ್ಲ. ಎಲ್ಲ ಸೇರಿಸಿ ಸರಾಸರಿ ತೆಗೆದರೆ r² ಬೆಲೆ R²ದ ಸರಿಯಾಗಿ ಅರ್ಧ ಬರುತ್ತದೆ. ನಿಮ್ಮ ಅರ್ಧ ಅದೇ. ಅದು ಯಾಕೆ ಮೂರನೇ ಒಂದು ಭಾಗವೋ ಕಾಲು ಭಾಗವೋ ಆಗದೆ ಅರ್ಧವೇ ಆಗುತ್ತದೆ ಅಂತ ಇಂಟಿಗ್ರೇಷನ್ ತೋರಿಸುತ್ತದೆ.

ವೃತ್ತವನ್ನು ತೆಳು ಉಂಗುರಗಳಾಗಿ ಕತ್ತರಿಸಿಕೊಳ್ಳಿ. ಉಂಗುರವೇ ಯಾಕೆ? ಒಂದು ಉಂಗುರದ ಮೇಲಿರುವ ಎಲ್ಲ ಚೂರುಗಳಿಗೂ r ಒಂದೇ. ಉದ್ದ ಪಟ್ಟಿಗಳಾಗಿ ಕತ್ತರಿಸಿದರೂ ಅದೇ ಉತ್ತರ ಬರುತ್ತದೆ, ಆದರೆ ಪಟ್ಟಿಯ ಉದ್ದಕ್ಕೂ r ಬದಲಾಗುತ್ತಾ ಹೋಗುತ್ತದೆ. ಸುಮ್ನೆ ಕಷ್ಟ. ಉಂಗುರದ ಅಗಲ dr ಇರಲಿ. ಅದನ್ನು ಒಂದು ಕಡೆ ಕತ್ತರಿಸಿ ನೇರ ಮಾಡಿದರೆ 2πr ಉದ್ದ, dr ಅಗಲದ ಪಟ್ಟಿ ಸಿಗುತ್ತದೆ. ಹೊರ ಅಂಚು ಒಳ ಅಂಚಿಗಿಂತ ಒಂದು ಚೂರು ಉದ್ದ, ನಿಜ. π(r+dr)²ರಲ್ಲಿ πr² ಕಳೆದರೆ 2πr·dr ಜೊತೆ π·dr² ಅಂತ ಒಂದು ಬಾಲವೂ ಉಳಿಯುತ್ತದೆ. dr ಸಣ್ಣದಾಗುತ್ತಾ ಹೋದಂತೆ ಆ ಬಾಲ ಬೇಗ ಮಾಯವಾಗುತ್ತದೆ, ಅದಕ್ಕೇ ಬಿಡುತ್ತೇವೆ.

```
dA = 2πr dr
J  = ∫ r² dA = ∫ r² · 2πr dr = 2π ∫ r³ dr     (0 ಇಂದ R ವರೆಗೆ)
   = 2π · R⁴/4 = πR⁴/2
R = d/2 ಇಟ್ಟರೆ:  J = πd⁴/32
```

ಇಲ್ಲಿ ಇನ್ನೊಂದು r ಸೇರಿಕೊಂಡಿದ್ದನ್ನು ಗಮನಿಸಿದಿರಾ? ಉಂಗುರ ದೊಡ್ಡದಾದಷ್ಟೂ ಅದರಲ್ಲಿ ಕಬ್ಬಿಣ ಜಾಸ್ತಿ. ಆ ಸುತ್ತಳತೆಯಿಂದ ಮೂರನೇ r ಬಂತು. r³ ಇಂಟಿಗ್ರೇಟ್ ಮಾಡಿದರೆ ಕೆಳಗೆ 4 ಬರುತ್ತದೆ, ಮೇಲೆ ಸುತ್ತಳತೆಯ 2 ಇದೆ. 2 ಭಾಗಿಸು 4, ಅರ್ಧ. ಅಷ್ಟೇ ಸಂಗತಿ.

ಸೂತ್ರದ ಮೇಲೆ ನಂಬಿಕೆ ಬರಬೇಕಾದರೆ ಒಂದು ಸಲ ಕೈಲೆಕ್ಕ ಮಾಡಿ ನೋಡಬೇಕು. ನಿಮ್ಮ 40ರ ರಾಡಿನಲ್ಲಿ R = 20. ಅದನ್ನು 5 ಮಿ.ಮೀ. ಅಗಲದ ನಾಲ್ಕೇ ಉಂಗುರ ಮಾಡಿ. ಒಂದೊಂದರ ನಡುಗೆರೆ 2.5, 7.5, 12.5, 17.5ರಲ್ಲಿದೆ. ಇವುಗಳ ಘನ ತೆಗೆದು ಕೂಡಿಸಿ.

```
15.6 + 421.9 + 1953.1 + 5359.4 = 7750
J ≈ 2π × 5 × 7750 = 2,43,500 mm⁴   (ಸುಮಾರು)
ನಿಜವಾದ J = π × 40⁴/32 = 2,51,300 mm⁴   (ಸುಮಾರು)
```

ನಾಲ್ಕೇ ಉಂಗುರಕ್ಕೆ ಶೇಕಡಾ 3ರಷ್ಟು ಕಡಿಮೆ ಬಂತು. ಕಡಿಮೆಯೇ ಬರಬೇಕು. ಒಂದು ಉಂಗುರದ ಹೊರ ಅರ್ಧ ಗಳಿಸುವುದು ಒಳ ಅರ್ಧ ಕಳೆಯುವುದಕ್ಕಿಂತ ಜಾಸ್ತಿ, ನಡುಗೆರೆಯ ಲೆಕ್ಕ ಅದನ್ನು ಹಿಡಿಯುವುದಿಲ್ಲ. ಉಂಗುರದ ಅಗಲ ಅರ್ಧ ಮಾಡಿ, ಎಂಟು ಉಂಗುರ ತೆಗೆದುಕೊಳ್ಳಿ. ತಪ್ಪು ಕಾಲು ಭಾಗಕ್ಕೆ ಇಳಿದು ಶೇಕಡಾ 0.8 ಆಗುತ್ತದೆ. ಇಂಟಿಗ್ರೇಷನ್ ಅಂದರೆ ಇದನ್ನೇ ಕೊನೆಯವರೆಗೆ ಕೊಂಡೊಯ್ಯುವುದು.

ಮೇಲಿನ ನಾಲ್ಕು ಅಂಕಿಗಳನ್ನು ಇನ್ನೊಮ್ಮೆ ನೋಡಿ. 7750ರಲ್ಲಿ 5359 ಹೊರಗಿನ ಉಂಗುರ ಒಂದರದ್ದೇ. ಒಳಗಿನದ್ದು ಬರೀ 15.6. ನಿಮ್ಮ ವರ್ಕ್‌ಶಾಪಿನವರ ಮಾತು ಹುಟ್ಟಿದ್ದು ಇಲ್ಲಿಂದಲೇ.

ಈಗ ನಿಮ್ಮ 402. ಪೈಪಿನಲ್ಲೂ ಉಂಗುರಗಳೇ ಇವೆ. ಆದರೆ ಅವು 0ಯಿಂದ ಶುರುವಾಗುವುದಿಲ್ಲ, 16ರಿಂದ ಶುರುವಾಗಿ 20ಕ್ಕೆ ಮುಗಿಯುತ್ತವೆ. ಇಂಟಿಗ್ರೇಷನ್‌ನ ಮಿತಿಗಳು ಬದಲಾದವು, ಬೇರೇನೂ ಇಲ್ಲ.

```
J = 2π ∫ r³ dr     (16 ಇಂದ 20 ವರೆಗೆ)
  = (π/2)(20⁴ − 16⁴) = (π/32)(40⁴ − 32⁴)
  = 1,48,400 mm⁴   (ಸುಮಾರು)
```

ನಾಲ್ಕನೇ ಘಾತ ಮೊದಲು, ಕಳೆಯುವುದು ಆಮೇಲೆ. ನೀವು ಮೊದಲು ಕಳೆದು ಆಮೇಲೆ ಘಾತಕ್ಕೆ ಏರಿಸಿದಿರಿ. ಹಾಗೆ ಮಾಡಿದಾಗ ಪೈಪಿನ ಗೋಡೆಯನ್ನೆಲ್ಲ ಬಾಚಿ ಕೇಂದ್ರಕ್ಕೆ ತಂದಂತಾಯಿತು. ನಿಮ್ಮ 402 ಯಾವುದರ J ಗೊತ್ತಾ? 8 ಮಿ.ಮೀ. ಕಂಬಿಯದು. ಮನೆ ಕಟ್ಟುವಾಗ ರಿಂಗ್ ಬಗ್ಗಿಸುತ್ತಾರಲ್ಲ, ಆ ದಪ್ಪದ್ದು. ಅದರಿಂದ 5 ಎಚ್‌ಪಿ ಪಲ್ಪರ್ ತಿರುಗಿಸಲು ಹೋಗಿ, ತ್ರಿಜ್ಯ ಮಾತ್ರ ಪೈಪಿನ 20 ಇಟ್ಟರೆ 11,800 ಬರದೆ ಇನ್ನೇನು ಬಂದೀತು! ಸಾಮಾನ್ಯ ಎಂಎಸ್ ಉಕ್ಕು ಎಳೆತದಲ್ಲಿ ಸುಮಾರು 250 ಮೆಗಾಪ್ಯಾಸ್ಕಲ್‌ಗೇ ಶಾಶ್ವತವಾಗಿ ಹಿಗ್ಗಲು ಶುರು ಮಾಡುತ್ತದೆ. ಉತ್ತರ ಸಾವಿರಗಳಲ್ಲಿ ಬಂದರೆ ಲೆಕ್ಕದಲ್ಲೇ ಎಡವಟ್ಟಿದೆ ಅಂತ ಅರ್ಥ. ನೀವು ಆ ಅಂಕಿಯನ್ನು ಅನುಮಾನಿಸಿದ್ದು ಸರಿಯಾಗೇ ಇದೆ.

ಇನ್ನು “ನಡುವಿನ ಕಬ್ಬಿಣ ಕೆಲಸ ಮಾಡಲ್ಲ” ಅನ್ನುವ ಮಾತು. ಇದು ಪೂರ್ತಿ ಸುಳ್ಳಲ್ಲ, ಆದರೆ ಎಷ್ಟು ನಡುವೆ ಅನ್ನೋದೇ ಪ್ರಶ್ನೆ. ಒಳಗಿನ ಒಂದು ಭಾಗದ ಪಾಲು ಬೇಕೆಂದರೆ ಎರಡು ತ್ರಿಜ್ಯಗಳ ಭಾಗಲಬ್ಧವನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ ಆಯಿತು. 40ರ ರಾಡಿನಲ್ಲಿ ನಡುವಿನ 20 ಮಿ.ಮೀ. ವ್ಯಾಸದ ಭಾಗ ನೋಡಿ. ಅರ್ಧದ ನಾಲ್ಕನೇ ಘಾತ ಹದಿನಾರನೇ ಒಂದು ಭಾಗ, ಅಂದರೆ ಶೇಕಡಾ 6ರ ಆಸುಪಾಸು. ಕಬ್ಬಿಣದಲ್ಲಿ ಅದು ಶೇಕಡಾ 25. ಕಾಲು ಭಾಗ ಕಬ್ಬಿಣ ತೆಗೆದರೂ J ಕಳೆದುಕೊಳ್ಳುವುದು ಶೇಕಡಾ 6. ಇಲ್ಲಿ ಅವರ ಮಾತು ನಿಜ.

ಆದರೆ ಅವರು ತೆಗೆಯಲು ಹೊರಟಿರುವುದು 20 ಅಲ್ಲ, 32. ಈಗ 16 ಭಾಗಿಸು 20, ಅಂದರೆ 0.8. ಅದರ ನಾಲ್ಕನೇ ಘಾತ 0.41. ಶೇಕಡಾ 41ರಷ್ಟು J ಹೋಯಿತು. ಇದನ್ನು “ಏನೂ ಕೆಲಸ ಮಾಡಲ್ಲ” ಅನ್ನೋಕೆ ಆಗುತ್ತಾ? ಅವರ ಪರವಾಗಿ ಒಂದು ಮಾತು ಹೇಳಬೇಕು. ಕಬ್ಬಿಣ ಹೋಗುವುದು ಶೇಕಡಾ 64. ಅಂದರೆ ಉಳಿದ ಶೇಕಡಾ 36 ಕಬ್ಬಿಣ ಶೇಕಡಾ 59 J ಕೊಡುತ್ತದೆ. ಕಿಲೋ ಲೆಕ್ಕದಲ್ಲಿ ಪೈಪ್ ಚೆನ್ನಾಗೇ ದುಡಿಯುತ್ತದೆ. ಆದರೆ ನಿಮ್ಮ ಪಲ್ಪರ್ ಕಿಲೋ ಕೇಳುತ್ತಿಲ್ಲ, ಟಾರ್ಕ್ ಕೇಳುತ್ತಿದೆ.

ಆ ಟಾರ್ಕ್ ಎಷ್ಟು? 5 ಎಚ್‌ಪಿ ಅಂದರೆ ಸುಮಾರು 3,730 ವ್ಯಾಟ್. 150 ಸುತ್ತು ಅಂದರೆ ಸೆಕೆಂಡಿಗೆ 15.7 ರೇಡಿಯನ್. ಭಾಗಿಸಿದರೆ ಸುಮಾರು 237.5 ನ್ಯೂಟನ್ ಮೀಟರ್. ಇಲ್ಲಿ ಒಂದು ಎಚ್ಚರಿಕೆ. J ಮಿಲಿಮೀಟರಿನಲ್ಲಿದ್ದರೆ ಟಾರ್ಕ್ ಕೂಡ ನ್ಯೂಟನ್ ಮಿಲಿಮೀಟರ್ ಆಗಬೇಕು, ಅಂದರೆ 2,37,500. ಪರೀಕ್ಷೆಯಲ್ಲಿ ಈ ಸಾವಿರ ಮರೆಯುವವರು ಬಹಳ. ಅಂಚಿನ ಸ್ಟ್ರೆಸ್ τ ಬೇಕೆಂದರೆ ಟಾರ್ಕ್ T ಗುಣಿಸು ತ್ರಿಜ್ಯ R, ಭಾಗಿಸು J.

```
τ = T·R/J
ಗಟ್ಟಿ 40:      2,37,500 × 20 / 2,51,300 = 18.9 MPa
ಪೈಪ್ 40/32:   2,37,500 × 20 / 1,48,400 = 32.0 MPa
```

32 ನೋಡಿದರೆ ಭಯ ಆಗುವುದಿಲ್ಲ. ಶಾಫ್ಟಿಗೆ ಬಳಸುವ ಸಾಮಾನ್ಯ ಉಕ್ಕಿಗೆ ಕೀ ಕೂರುವ ತೋಡು, ಅಂದರೆ ಕೀವೇ ಇದ್ದರೆ 40 ಮೆಗಾಪ್ಯಾಸ್ಕಲ್, ಇಲ್ಲದಿದ್ದರೆ 55ರ ಸುತ್ತಮುತ್ತ ಶಿಯರ್ ಮಿತಿ ಇಟ್ಟುಕೊಳ್ಳುವುದು ಹಳೆಯ ರೂಢಿ. ಅದರಂತೆ ಪೈಪೂ ಪಾಸ್. ಆದರೆ ಪಲ್ಪರ್ ಯಾವಾಗಲೂ ಒಂದೇ ಸಮ ಓಡುವ ಯಂತ್ರ ಅಲ್ಲ ಅಂತ ನಿಮಗೇ ಗೊತ್ತು. ಹಣ್ಣಿನ ಜೊತೆ ಕಲ್ಲೊಂದು ಬಂದು ಸಿಕ್ಕಿಕೊಂಡಿತು ಅಂದುಕೊಳ್ಳಿ. ಮೋಟರ್ ನಿಲ್ಲುವ ಮುಂಚೆ ತನ್ನ ಮಾಮೂಲಿ ಟಾರ್ಕಿನ ಎರಡು ಪಟ್ಟು ಅಥವಾ ಇನ್ನೂ ಜಾಸ್ತಿ ಕೊಡಬಲ್ಲದು. ಬೆಲ್ಟ್ ಜಾರಿದರೆ ಬಚಾವ್, ಬಿಗಿಯಾಗಿದ್ದರೆ ಅಷ್ಟೂ ಶಾಫ್ಟಿನ ಮೇಲೆ. ಎರಡು ಪಟ್ಟೇ ಇಟ್ಟುಕೊಳ್ಳಿ. ಗಟ್ಟಿ ರಾಡು 38ಕ್ಕೆ ಹೋಗಿ ಮಿತಿಯೊಳಗೇ ಉಳಿಯುತ್ತದೆ. ಪೈಪ್ 64ಕ್ಕೆ ಹೋಗುತ್ತದೆ, ಮಿತಿ ದಾಟುತ್ತದೆ.

ಇದು ತಿರುಚುವಿಕೆಯದು ಮಾತ್ರ. ಬೆಲ್ಟಿನ ಎಳೆತ ಶಾಫ್ಟನ್ನು ಬಗ್ಗಿಸುತ್ತದೆ ಕೂಡ. ಬಗ್ಗುವ ಲೆಕ್ಕಕ್ಕೆ πd⁴/32 ಅಲ್ಲ, πd⁴/64 ಬೇಕು. ಎರಡನ್ನೂ ಕಲಸಬೇಡಿ. ಬಗ್ಗುವಾಗ ಒಂದೇ ದಿಕ್ಕಿನ ದೂರ ಲೆಕ್ಕಕ್ಕೆ ಬರುತ್ತದೆ. r² ಅಂದರೆ x² ಮತ್ತು y² ಕೂಡಿದ್ದು, ವೃತ್ತದಲ್ಲಿ ಎರಡೂ ಸಮ, ಹಾಗಾಗಿ ಒಂದೊಂದಕ್ಕೆ J ಅರ್ಧರ್ಧ ಸಿಗುತ್ತದೆ.

ಇಷ್ಟಾದರೂ ಪೈಪ್ ಬೇಡ ಅನ್ನೋಕೆ ನನ್ನ ಮುಖ್ಯ ಕಾರಣ ಇದ್ಯಾವುದೂ ಅಲ್ಲ. ಕೀವೇ.

ಪುಲ್ಲಿಯನ್ನು ಶಾಫ್ಟಿಗೆ ಹಿಡಿಸಲು ಕೀ ಬೇಕು. 40 ಮಿ.ಮೀ. ಶಾಫ್ಟಿಗೆ ಸ್ಟ್ಯಾಂಡರ್ಡ್ ಕೀ 12 ಅಗಲ, 8 ಎತ್ತರ. ಅದಕ್ಕೆ ಶಾಫ್ಟಿನಲ್ಲಿ ಕೊರೆಯುವ ಆಳ 5 ಮಿ.ಮೀ. ಪೈಪಿನ ಗೋಡೆ 4. ಅಂದರೆ ಕಟರ್ ಗೋಡೆ ದಾಟಿ ಆಚೆ ಹೋಗುತ್ತದೆ. ಅಲ್ಲಿ ಪೈಪ್ ಪೈಪಾಗಿ ಉಳಿಯುವುದಿಲ್ಲ, ಉದ್ದಕ್ಕೆ ಸೀಳಿದ ಕೊಳವೆ ಆಗುತ್ತದೆ.

ಸೀಳಿದರೆ ಏನಾಯಿತು, ಸ್ವಲ್ಪ ಕಬ್ಬಿಣ ತಾನೇ ಹೋಗಿದ್ದು ಅನ್ನಿಸಬಹುದು. ∫r²dA ಕೂಡ ಹಾಗೇ ಹೇಳುತ್ತದೆ. ತೆಳ್ಳನೆಯ ಸೀಳಾದರೆ ವಿಸ್ತೀರ್ಣ ಹೆಚ್ಚುಕಮ್ಮಿ ಅಷ್ಟೇ ಇದೆ, J ಅಷ್ಟೇ ಬರುತ್ತದೆ. ಆದರೆ ಕೈಯಲ್ಲಿ ತಿರುಚಿ ನೋಡಿದರೆ ಕೊಳವೆ ಸಲೀಸಾಗಿ ತಿರುಗಿಬಿಡುತ್ತದೆ. ಸೂತ್ರ ಸುಳ್ಳು ಹೇಳಿತಾ? ಇಲ್ಲ. ನಾವು ಅದನ್ನು ಅದರ ಜಾಗದಿಂದ ಆಚೆ ಎಳೆದುಕೊಂಡು ಹೋದೆವು. ಶುರುವಿನಲ್ಲಿ ಹೇಳಿದ್ದು ನೆನಪಿದೆಯಾ, ಅಡ್ಡಕೊಯ್ತ ಆಕಾರ ಬದಲಿಸದೆ ಇಡಿಯಾಗಿ ತಿರುಗುತ್ತದೆ ಅಂತ? ಮೊದಲನೇ r ಬಂದಿದ್ದೇ ಅದರಿಂದ. ಅದು ದುಂಡಗಿರುವ, ಸುತ್ತಲೂ ಮುಚ್ಚಿರುವ ಆಕಾರಕ್ಕೆ ಮಾತ್ರ ನಿಜ. ಸೀಳಿದ ಕೊಳವೆಯ ಎರಡು ತುದಿಗಳು ಒಂದರ ಪಕ್ಕ ಒಂದು ಶಾಫ್ಟಿನ ಉದ್ದಕ್ಕೆ ಜಾರುತ್ತವೆ. ಅಡ್ಡಕೊಯ್ತ ಸಪಾಟಾಗಿ ಉಳಿಯುವುದಿಲ್ಲ, ಸ್ಕ್ರೂ ಎಳೆಯ ಹಾಗೆ ಏರಿಳಿಯುತ್ತದೆ. ಮೊದಲನೇ r ಅಲ್ಲಿಗೆ ಬಿದ್ದುಹೋಯಿತು.

ಸೀಳಿದ ತೆಳು ಕೊಳವೆಗೆ ಸೂತ್ರವೇ ಬೇರೆ. ಅದನ್ನು ಬಿಚ್ಚಿ ಹರಡಿದ ತೆಳು ಪಟ್ಟಿಯ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪಟ್ಟಿಯ ಉದ್ದ, ಗುಣಿಸು ದಪ್ಪದ ಘನ, ಭಾಗಿಸು 3. ಗೋಡೆಯ ನಡುಗೆರೆ 18 ಮಿ.ಮೀ. ತ್ರಿಜ್ಯದಲ್ಲಿದೆ.

```
ಮುಚ್ಚಿದ ಪೈಪ್:  1,48,400 mm⁴
ಸೀಳಿದ ಪೈಪ್:   (2π × 18) × 4³ / 3 = 2,410 mm⁴   (ಸುಮಾರು)
```

ಅರವತ್ತು ಪಟ್ಟು ಕಡಿಮೆ! ಕೀವೇ ಇಡೀ ಉದ್ದಕ್ಕೆ ಇರುವುದಿಲ್ಲ, ಅದರ ಎರಡೂ ಬದಿಯ ಮುಚ್ಚಿದ ಪೈಪ್ ಸ್ವಲ್ಪ ಆಸರೆ ಕೊಡುತ್ತದೆ. ಹಾಗಾಗಿ ನಿಮ್ಮ ಶಾಫ್ಟ್ ಅರವತ್ತು ಪಟ್ಟು ಸೋಲುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಬಿರುಕು ಶುರುವಾಗುವುದು ಆ ಸೀಳಿನ ಮೂಲೆಯಲ್ಲೇ. ಸೀಮ್ ಬೆಸುಗೆಯ ಪೈಪಿನಲ್ಲಿ ಆ ಬೆಸುಗೆ ಬಿಟ್ಟುಕೊಂಡರೂ ಇದೇ ಕಥೆ. ಪೈಪಿನ ಬಲವೆಲ್ಲ ಅದು ಮುಚ್ಚಿಕೊಂಡಿರುವುದರಲ್ಲೇ ಇದೆ.

ಇದೇ ಕಾರಣಕ್ಕೆ ಚೌಕ ಶಾಫ್ಟಿಗೂ ∫r²dA ಹಾಕಬಾರದು. 40 ಮಿ.ಮೀ. ಚೌಕದಲ್ಲಿ ಅದು ನಿಜಕ್ಕಿಂತ ಶೇಕಡಾ 19ರಷ್ಟು ಜಾಸ್ತಿ ತೋರಿಸುತ್ತದೆ. ಚೌಕದ ಮೂಲೆಗಳು ಕೇಂದ್ರದಿಂದ ಅತಿ ದೂರ, ಆದರೂ ಅಲ್ಲಿ ಸ್ಟ್ರೆಸ್ ಸೊನ್ನೆ. ಇದನ್ನು ಸರಿಯಾಗಿ ಬಿಡಿಸಿದವರು ಫ್ರಾನ್ಸಿನ ಸೇಂಟ್ ವೆನಾಂ, 1850ರ ದಶಕದಲ್ಲಿ. ಅದಕ್ಕೂ ಮುಂಚೆ ದೊಡ್ಡ ದೊಡ್ಡವರೇ ವೃತ್ತದ ಸೂತ್ರವನ್ನು ಚೌಕಕ್ಕೂ ಹಾಕುತ್ತಿದ್ದರು.

ಸರಿ, ಈಗ ಏನು ಮಾಡಬಹುದು?

ಪೈಪೇ ಬೇಕು ಅಂತ ಹಠ ಇದ್ದರೆ ಎರಡು ದಾರಿ ಇದೆ. ಒಂದು, ನಡುವೆ ಪೈಪ್, ಎರಡೂ ತುದಿಗೆ ಗಟ್ಟಿ ತುಂಡು ತೂರಿಸಿ ಬೆಸುಗೆ ಹಾಕಿ, ಆಮೇಲೆ ಲೇತಿನಲ್ಲಿ ಒಟ್ಟಿಗೆ ತಿರುವುವುದು. ಕೀ, ಬೇರಿಂಗ್ ಎಲ್ಲ ಗಟ್ಟಿ ತುಂಡಿನ ಮೇಲೆ ಕೂರುತ್ತವೆ. ಚೆನ್ನಾಗಿ ಮಾಡಿದರೆ ನಡೆಯುತ್ತದೆ. ಆದರೆ ಬೆಸುಗೆಯ ಅಂಚಿನಲ್ಲಿ ದಣಿವಿನ ಬಿರುಕು ಬರುವ ಭಯ ಇದ್ದೇ ಇದೆ, ಮೇಲಾಗಿ ಪಲ್ಪರ್ ಡ್ರಮ್ಮಿನ ಕೀ ನಡುವಿನ ಪೈಪಿನ ಮೇಲೇ ಬಂದರೆ ಮತ್ತೆ ಅದೇ ಸೀಳು. ಇನ್ನೊಂದು, ಪೈಪಿನ ಹೊರ ವ್ಯಾಸವನ್ನೇ ಹೆಚ್ಚಿಸುವುದು. 4 ಮಿ.ಮೀ. ಗೋಡೆಯದೇ 50ರ ಪೈಪ್ ಹಾಕಿದರೆ ಸ್ಟ್ರೆಸ್ 19.3, ನಿಮ್ಮ ಗಟ್ಟಿ ರಾಡಿಗೆ ಸಮ. ಕಬ್ಬಿಣ ಅರ್ಧಕ್ಕಿಂತ ಕಡಿಮೆ. ಟೊಳ್ಳು ಶಾಫ್ಟ್ ಲಾಭ ಕೊಡುವುದು ಹೀಗೆ, ಕಬ್ಬಿಣವನ್ನು ಹೊರಗೆ ತಳ್ಳಿದಾಗ. ಅದೇ ಹೊರ ವ್ಯಾಸ ಇಟ್ಟುಕೊಂಡು ಒಳಗಿಂದ ತೆಗೆದರೆ ನಷ್ಟವೇ. ಆದರೆ ನಿಮ್ಮ ಬೇರಿಂಗ್, ಪುಲ್ಲಿ, ಡ್ರಮ್ಮಿನ ತೂತು ಎಲ್ಲ 50ಕ್ಕೆ ಬದಲಾಗಬೇಕು. ಕೀವೇ ಸಮಸ್ಯೆ ಹಾಗೇ ಉಳಿಯುತ್ತದೆ. ಇಷ್ಟೆಲ್ಲ ಯಾಕೆ? 900 ಮಿ.ಮೀ. ಉದ್ದದ 40ರ ಗಟ್ಟಿ ರಾಡು 9 ಕಿಲೋ ಕೂಡ ಇಲ್ಲ. 40ರ ಪೈಪಿನಿಂದ ಉಳಿಯುವುದು 6 ಕಿಲೋಗಿಂತ ಕಡಿಮೆ.

ಅಂಗಡಿಗೆ ಹೋಗಿ “40ರ ಪೈಪ್ ಕೊಡಿ” ಅಂದರೆ ಹೊರ ವ್ಯಾಸ 40 ಇರುವುದು ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. ನೀರಿನ ಪೈಪಿಗೆ ಹೇಳುವ ಅಳತೆ ಒಳಗಿನ ಹೆಸರಳತೆ, ಅದಕ್ಕೇ ಎನ್‌ಬಿ ಅನ್ನುತ್ತಾರೆ. 40 ಎನ್‌ಬಿ ಪೈಪಿನ ಹೊರ ವ್ಯಾಸ 48ರ ಆಸುಪಾಸು, 32 ಎನ್‌ಬಿ ಪೈಪಿನದು 42ರ ಮೇಲೆ. ನಾಲ್ಕನೇ ಘಾತದ ಲೆಕ್ಕದಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ.

ಹಳೆಯ ಶಾಫ್ಟನ್ನೇ ಉಳಿಸಿಕೊಳ್ಳುವ ದಾರಿಯೂ ಇದೆ. ಸವೆದ ಜಾಗವನ್ನು 35ಕ್ಕೆ ಇಳಿಸಿ ಸಣ್ಣ ಬೇರಿಂಗ್ ಹಾಕುವುದು. ಇದನ್ನು ಒಪ್ಪುವ ಮುಂಚೆ ಒಂದು ವಿಷಯ ನೋಡಿ: ಸವೆದಿರುವುದು ಯಾವ ಬೇರಿಂಗ್? ಟಾರ್ಕ್ ಹರಿಯುವುದು ಪುಲ್ಲಿಯಿಂದ ಡ್ರಮ್ಮಿನವರೆಗೆ ಮಾತ್ರ. ಡ್ರಮ್ ದಾಟಿ ಆಚೆ ತುದಿಯಲ್ಲಿರುವ ಬೇರಿಂಗಿನ ಜಾಗದಲ್ಲಿ ತಿರುಚುವಿಕೆ ಹೆಚ್ಚುಕಮ್ಮಿ ಸೊನ್ನೆ. ಅಲ್ಲಿ 35ಕ್ಕೆ ಇಳಿಸಿದರೆ ಏನೂ ತೊಂದರೆ ಇಲ್ಲ, J ಲೆಕ್ಕವೇ ಅಲ್ಲಿಗೆ ಬೇಡ. ಪುಲ್ಲಿ ಕಡೆಯ ಬೇರಿಂಗ್ ಆದರೆ ಪೂರ್ತಿ ಟಾರ್ಕ್ ಅದರ ಮೂಲಕವೇ ಹೋಗುತ್ತದೆ. 35ಕ್ಕೆ ಇಳಿದರೆ ಸ್ಟ್ರೆಸ್ 28, ಕಲ್ಲು ಸಿಕ್ಕಿದಾಗ 56. ಅಲ್ಲಿ ಕೀವೇ ಇಲ್ಲದಿದ್ದರೂ ಮಿತಿಯ ತುದಿಗೆ ಬಂದಂತೆ. ಬೆಲ್ಟಿನ ಎಳೆತದಿಂದ ಬಗ್ಗುವುದೂ ಅಲ್ಲೇ ಜಾಸ್ತಿ. ನಾನಾದರೆ ಬೇಡ ಅನ್ನುತ್ತೇನೆ. ಬೆಸುಗೆ ತುಂಬಿ ಮತ್ತೆ 40ಕ್ಕೆ ತಿರುವುವುದನ್ನೂ ಮಾಡುತ್ತಾರೆ. ಬಿಸಿಗೆ ಶಾಫ್ಟ್ ಬಾಗುತ್ತದೆ, ಬೆಸುಗೆಯ ಅಡಿಯಲ್ಲಿ ಬಿರುಕು ಅಡಗಿರಬಹುದು. ಆಚೆ ತುದಿಗೆ ಪರವಾಗಿಲ್ಲ, ಪುಲ್ಲಿ ಕಡೆಗೆ ಬೇಡ.

ಹಾಗಾಗಿ ಸವೆದಿರುವುದು ಪುಲ್ಲಿ ಕಡೆ ಆದರೆ ಹೊಸ 40ರ ಗಟ್ಟಿ ಬ್ರೈಟ್ ಬಾರ್ ಹಾಕಿಸಿ. ಈ ವಿಷಯದಲ್ಲಿ ನಿಮ್ಮ ತಂದೆಯವರದೇ ಸರಿ. ಈಗಿರುವ ಬೇರಿಂಗ್ ಅಳತೆಯೂ ಬದಲಾಗುವುದಿಲ್ಲ. ವರ್ಕ್‌ಶಾಪಿಗೆ ಹೇಳಬೇಕಾದ್ದು ಎರಡೇ. ಕೀವೇಯ ಕೆಳಮೂಲೆ ಚೂಪಾಗಿರಬಾರದು, ಸಣ್ಣ ದುಂಡು ಕೊಡಲಿ. ಎಲ್ಲಾದರೂ ವ್ಯಾಸ ಇಳಿಸುವ ಮೆಟ್ಟಿಲು ಬಂದರೆ ಅಲ್ಲೂ ದುಂಡು ಬೇಕು. ಹಳೆಯ ಶಾಫ್ಟನ್ನು ಬಿಸಾಡುವ ಮುಂಚೆ ಕೀವೇಯ ಮೂಲೆಯನ್ನು ಚೆನ್ನಾಗಿ ಒರೆಸಿ ನೋಡಿ. ಅಲ್ಲಿಂದ ಸುಮಾರು 45 ಡಿಗ್ರಿ ಓರೆಯಾಗಿ ಕೂದಲಿನಷ್ಟು ಗೆರೆ ಹೊರಟಿದ್ದರೆ ಅದು ತಿರುಚುವಿಕೆಯ ಬಿರುಕು. ಹಾಗಿದ್ದರೆ ಬರೀ ಶಾಫ್ಟ್ ಬದಲಿಸಿದರೆ ಸಾಲದು, ಬೆಲ್ಟ್ ಎಷ್ಟು ಬಿಗಿ ಇದೆ ಅಂತಲೂ ನೋಡಿಸಿ.